ನಿಮ್ಮ ಹೆಸರನ್ನು ನೀವೇ ಸೂಚಿಸುವಾಗ: ಸಿಬ್ಬಂದಿ ಪ್ರಶಸ್ತಿಗೆ ಸ್ವನಾಮನಿರ್ದೇಶನದ ಹೇಳಿಕೆ ಬರೆಯುವ ಬಗೆ

ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದಾಗ, ವರ್ಷಕ್ಕೊಮ್ಮೆ ಸಿಬ್ಬಂದಿ ಪ್ರಶಸ್ತಿಯ ಆಯ್ಕೆ ಸಮಿತಿಯಲ್ಲಿ ಕುಳಿತು ಅರ್ಜಿಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ತಮ್ಮ ಹೆಸರನ್ನು ತಾವೇ ಸೂಚಿಸಿಕೊಂಡವರ ಹೇಳಿಕೆಗಳು ಬಹುಮಟ್ಟಿಗೆ ಎರಡು ಬಗೆಯವಾಗಿರುತ್ತಿದ್ದವು. ಒಂದು ಬಗೆಯಲ್ಲಿ, ‘ಎಲ್ಲರ ಸಹಕಾರದಿಂದ ರೋಗಿಗಳಿಗೆ ಉತ್ತಮ ಸೇವೆ ನೀಡಲಾಗಿದೆ’ ಎಂಬಂಥ ವಾಕ್ಯಗಳಿದ್ದು, ಬರೆದವರು ಏನು ಮಾಡಿದರು ಎಂಬುದು ಕೊನೆಯವರೆಗೂ ತಿಳಿಯುತ್ತಿರಲಿಲ್ಲ. ಇನ್ನೊಂದು ಬಗೆಯಲ್ಲಿ, ‘ಹಗಲಿರುಳೆನ್ನದೆ ದುಡಿದು ವಿಭಾಗದ ಚಿತ್ರಣವನ್ನೇ ಬದಲಿಸಿದ್ದೇನೆ’ ಎಂಬ ಮಾತಿದ್ದು, ಬದಲಾದದ್ದು ಯಾವುದು ಎಂಬುದು ತಿಳಿಯುತ್ತಿರಲಿಲ್ಲ. ಮೊದಲನೆಯವರು ಸಂಕೋಚದವರು, ಎರಡನೆಯವರು ಧೈರ್ಯದವರು ಎಂದು ನಾವು ಅಂದುಕೊಳ್ಳುತ್ತಿದ್ದೆವು. ಆದರೆ ಇಬ್ಬರ ಬರಹದಲ್ಲಿದ್ದ ಕೊರತೆ ಒಂದೇ. ಸಮಿತಿಯವರು ರಿಜಿಸ್ಟರ್ ತೆರೆದು ಹೌದೋ ಅಲ್ಲವೋ ಎಂದು ನೋಡಬಹುದಾದ ಒಂದು ವಾಕ್ಯವೂ ಎರಡರಲ್ಲಿಯೂ ಇರುತ್ತಿರಲಿಲ್ಲ.

ತನ್ನನ್ನು ತಾನು ಬಣ್ಣಿಸಿಕೊಳ್ಳಬಾರದು ಎಂದು ಕಲಿತು ಬೆಳೆದವರಿಗೆ ಇಂಥ ಹೇಳಿಕೆ ಬರೆಯುವುದು ಮುಜುಗರದ ಕೆಲಸ. ಆದರೂ ಸ್ವತಃ ಹೆಸರು ಸೂಚಿಸಿಕೊಳ್ಳುವುದು ಈಗ ಅಪರೂಪದ ಸಂಗತಿಯಲ್ಲ. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ 2018ರಿಂದ ಶಿಕ್ಷಕರು ತಾವೇ ಅರ್ಜಿ ಸಲ್ಲಿಸಬಹುದು. ಪದ್ಮ ಪ್ರಶಸ್ತಿಗಳಿಗೂ ಸ್ವನಾಮನಿರ್ದೇಶನಕ್ಕೆ ಅವಕಾಶವಿದ್ದು, ಅಲ್ಲಿ ಸಾಧನೆಯ ವಿವರಣೆಗೆ 800 ಪದಗಳ ಮಿತಿಯಿದೆ. ಮುಜುಗರ ಕಳೆಯುವ ದಾರಿ ನನಗೆ ತಿಳಿದಂತೆ ಒಂದೇ: ಕೆಲಸಕ್ಕೆ ಸರಿಯಾದ ಗಡಿ ಹಾಕುವುದು. ಮಾಡಿದ್ದನ್ನು ತಗ್ಗಿಸಿ ಹೇಳಿದರೆ ವಿನಯ ಬರುವುದಿಲ್ಲ. ಎಲ್ಲಿಂದ ಎಲ್ಲಿಯವರೆಗೆ ನನ್ನದು, ಅದರಾಚೆ ಯಾರದು ಎಂದು ಗೆರೆ ಎಳೆದಾಗ ಸ್ಪಷ್ಟತೆಯೂ ವಿನಯವೂ ಒಟ್ಟಿಗೆ ಬರುತ್ತವೆ.

ಇದನ್ನು ಒಂದೇ ಉದಾಹರಣೆಯ ಮೂಲಕ ಕೊನೆಯವರೆಗೆ ನೋಡೋಣ. ಇನ್ನೂರು ಹಾಸಿಗೆಗಳ ಆಸ್ಪತ್ರೆಯ ಪ್ರಯೋಗಾಲಯದಲ್ಲಿ, ವಾರ್ಡುಗಳಿಂದ ಬರುವ ರಕ್ತದ ಸ್ಯಾಂಪಲ್‌ಗಳನ್ನು ಪರಿಶೀಲಿಸಿ ಸ್ವೀಕರಿಸುವ ಹಿರಿಯ ತಂತ್ರಜ್ಞೆಯೊಬ್ಬರು ಈ ಹೇಳಿಕೆಯನ್ನು ಬರೆಯುತ್ತಿದ್ದಾರೆ ಎಂದಿಟ್ಟುಕೊಳ್ಳಿ. ನಾನು ಓದಿದ ಹಲವು ಅರ್ಜಿಗಳ ಗುಣದೋಷಗಳನ್ನು ಸೇರಿಸಿ ಈ ವ್ಯಕ್ತಿಯನ್ನು ರೂಪಿಸಿದ್ದೇನೆ. ಅಂಕಿಗಳೂ ಲೆಕ್ಕ ತೋರಿಸಲು ನಾನೇ ಇಟ್ಟವು.

ಮೊದಲ ಹೆಜ್ಜೆ: ಒಂದೇ ಕೆಲಸವನ್ನು ಆರಿಸಿಕೊಳ್ಳುವುದು

ತಂತ್ರಜ್ಞೆಯ ಮೊದಲ ಕರಡಿನಲ್ಲಿ ಒಂಬತ್ತು ಸಂಗತಿಗಳಿದ್ದವು. ರಾತ್ರಿ ಪಾಳಿಯಲ್ಲಿ ಕೆಲಸ ಮಾಡಿದ್ದು, ಹೊಸಬರಿಗೆ ಕಲಿಸಿದ್ದು, ಯಂತ್ರ ಕೆಟ್ಟಾಗ ತಡರಾತ್ರಿಯವರೆಗೆ ನಿಂತದ್ದು, ಸ್ಯಾಂಪಲ್ ತಿರಸ್ಕಾರ ಕಡಿಮೆಯಾದದ್ದು ಹೀಗೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಪಟ್ಟಿ ಉದ್ದವಾದಷ್ಟೂ ಒಂದೊಂದಕ್ಕೆ ಸಿಗುವ ಜಾಗ ಕಡಿಮೆಯಾಗಿ, ಎಲ್ಲವೂ ಬರೀ ಶೀರ್ಷಿಕೆಗಳಂತೆ ಉಳಿಯುತ್ತವೆ. ಆರಿಸುವಾಗ ಎರಡು ಪ್ರಶ್ನೆಗಳು ಸಾಕು. ಇದು ನನ್ನ ಹುದ್ದೆಗೆ ಗೊತ್ತುಪಡಿಸಿದ ಕೆಲಸಕ್ಕಿಂತ ಎಲ್ಲಿ ಭಿನ್ನವಾಯಿತು? ಇದರ ಮುಂಚಿನ ಸ್ಥಿತಿಗೂ ಅನಂತರದ ಸ್ಥಿತಿಗೂ ದಾಖಲೆ ಇದೆಯೇ? ರಾತ್ರಿ ಪಾಳಿ ಮೊದಲ ಪ್ರಶ್ನೆಯಲ್ಲೇ ಬಿದ್ದುಹೋಗುತ್ತದೆ, ಏಕೆಂದರೆ ಅದು ಎಲ್ಲರಿಗೂ ಸರದಿಯಂತೆ ಬರುವಂಥದು. ಹೊಸಬರಿಗೆ ಕಲಿಸಿದ್ದು ಎರಡನೆಯದರಲ್ಲಿ ಬೀಳುತ್ತದೆ, ಏಕೆಂದರೆ ಅದನ್ನು ಯಾರೂ ಬರೆದಿಟ್ಟಿಲ್ಲ. ಎರಡನ್ನೂ ದಾಟಿ ಉಳಿದದ್ದು ಸ್ಯಾಂಪಲ್ ತಿರಸ್ಕಾರದ ವಿಷಯ ಮಾತ್ರ.

ಸಮಿತಿಯಲ್ಲಿ ಲೆಕ್ಕಪತ್ರ ವಿಭಾಗದವರೂ ಆಡಳಿತದವರೂ ಇರುತ್ತಾರಾದ್ದರಿಂದ, ಈ ಕೆಲಸವೆಂದರೇನು ಎಂಬುದನ್ನು ಹೊರಗಿನವರಿಗೆ ಹೇಳುವಂತೆ ಒಂದೆರಡು ವಾಕ್ಯಗಳಲ್ಲಿ ಹೇಳಬೇಕಾಗುತ್ತದೆ. ರಕ್ತ ತೆಗೆಯುವಾಗ ಸಿರಿಂಜಿನ ಹಿಡಿಯನ್ನು ಬಲವಾಗಿ ಎಳೆದರೆ, ತುಂಬಿದ ಸಿರಿಂಜಿನಿಂದ ಸೂಜಿಯ ಮೂಲಕವೇ ಟ್ಯೂಬಿಗೆ ಒತ್ತಿ ತುಂಬಿದರೆ, ಅಥವಾ ಡ್ರಿಪ್‌ಗಾಗಿ ಹಾಕಿದ ಕ್ಯಾನುಲಾದಿಂದಲೇ ರಕ್ತ ಸೆಳೆದರೆ, ಕೆಂಪು ರಕ್ತಕಣಗಳು ಒಡೆಯುವ ಸಂಭವ ಹೆಚ್ಚು. ಇದಕ್ಕೆ ಹೆಮೊಲಿಸಿಸ್ ಎನ್ನುತ್ತಾರೆ. ಕಣಗಳ ಒಳಗಿನ ಪೊಟ್ಯಾಸಿಯಂ ಹೊರಬಂದು, ರೋಗಿಯಲ್ಲಿ ಇಲ್ಲದ ಏರಿಕೆ ವರದಿಯಲ್ಲಿ ಕಾಣುತ್ತದೆ. ಅಂಥ ಸ್ಯಾಂಪಲನ್ನು ತಿರಸ್ಕರಿಸಿ ಮತ್ತೆ ರಕ್ತ ತೆಗೆಯಬೇಕಾಗುತ್ತದೆ. ಹಾಗೆಯೇ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬನ್ನು ತುಂಬಿದ ಕೂಡಲೇ ಎಂಟು ಹತ್ತು ಬಾರಿ ನಿಧಾನವಾಗಿ ಮಗುಚದಿದ್ದರೆ ರಕ್ತ ಹೆಪ್ಪುಗಟ್ಟಿ, ಪ್ಲೇಟ್‌ಲೆಟ್ ಎಣಿಕೆ ನಂಬಲಾಗದಂತಾಗುತ್ತದೆ. ಹೇಳಿಕೆಯಲ್ಲಿ ಇದೆಲ್ಲವೂ ಬೇಕಿಲ್ಲ. ‘ಮತ್ತೆ ಚುಚ್ಚಬೇಕಾಗುತ್ತದೆ, ವರದಿ ತಡವಾಗುತ್ತದೆ’ ಎಂಬಷ್ಟು ಬಂದರೆ ಲೆಕ್ಕಪತ್ರ ವಿಭಾಗದವರಿಗೂ ವಿಷಯ ಹಿಡಿಯುತ್ತದೆ.

ಎರಡನೆಯ ಹೆಜ್ಜೆ: ಎರಡೂ ಕಡೆ ಒಂದೇ ಅಳತೆಗೋಲು

ಹೆಚ್ಚಿನ ಹೇಳಿಕೆಗಳು ಸೋಲುವುದು ಇಲ್ಲಿಯೇ ಆದ್ದರಿಂದ ಇದಕ್ಕೆ ಹೆಚ್ಚು ಸಮಯ ಕೊಡಿ. ವೈದ್ಯಕೀಯ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಗುಣಮಟ್ಟದ ಮಾನದಂಡವಾದ ಐಎಸ್‌ಒ 15189ರ ಪ್ರಕಾರ ಮಾನ್ಯತೆ ಪಡೆದ ಪ್ರಯೋಗಾಲಯಗಳು ಗುಣಮಟ್ಟದ ಸೂಚಕಗಳನ್ನು ನಿಗದಿಪಡಿಸಿಕೊಂಡು ಗಮನಿಸುತ್ತಿರಬೇಕು. ಹಾಗಾಗಿ ತಿರಸ್ಕೃತ ಸ್ಯಾಂಪಲ್‌ಗಳ ರಿಜಿಸ್ಟರ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಂಕಿಯನ್ನು ನೆನಪಿನಿಂದ ಬರೆಯದೆ ಆ ರಿಜಿಸ್ಟರಿನಿಂದಲೇ ತೆಗೆಯಬೇಕು, ಮತ್ತು ಪ್ರಯೋಗಾಲಯದ ಮುಖ್ಯಸ್ಥರ ಒಪ್ಪಿಗೆ ಪಡೆದೇ ತೆಗೆಯಬೇಕು.

ತಂತ್ರಜ್ಞೆಯ ಕರಡಿನಲ್ಲಿ ಹೀಗಿತ್ತು: ‘ಸ್ಯಾಂಪಲ್ ತಿರಸ್ಕಾರವನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದ್ದೇನೆ.’ ಈ ಮಾತನ್ನು ಓದಿದ ಕೂಡಲೇ ಸಮಿತಿಯವರ ಮನಸ್ಸಿನಲ್ಲಿ ಏಳುವ ಪ್ರಶ್ನೆ, ಯಾವ ತಿಂಗಳಿಗೆ ಹೋಲಿಸಿ ಎಂಬುದು. ವರ್ಷದಲ್ಲೇ ಅತಿ ಕೆಟ್ಟ ತಿಂಗಳನ್ನು ಆರಿಸಿಕೊಂಡು ಅದರ ಮುಂದೆ ಈಗಿನ ಒಳ್ಳೆಯ ತಿಂಗಳನ್ನು ಇಟ್ಟರೆ, ಯಾರೂ ಏನೂ ಮಾಡದಿದ್ದರೂ ಇಳಿಕೆ ಕಾಣುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಮಳೆಗಾಲದಲ್ಲಿ ಡೆಂಗಿ ಪ್ರಕರಣಗಳು ಏರಿದಾಗ ಒಬ್ಬ ರೋಗಿಗೇ ದಿನ ಬಿಟ್ಟು ದಿನ ಪ್ಲೇಟ್‌ಲೆಟ್ ಎಣಿಸಲು ಸ್ಯಾಂಪಲ್ ಬರುತ್ತದೆ. ಒಟ್ಟು ಸಂಖ್ಯೆಯೂ ಬದಲಾಗುತ್ತದೆ, ಅದರಲ್ಲಿ ನೇರಳೆ ಟ್ಯೂಬಿನ ಪಾಲೂ ಬದಲಾಗುತ್ತದೆ. ಬೇಸಿಗೆಯ ಮೂರು ತಿಂಗಳನ್ನು ಮಳೆಗಾಲದ ಮೂರು ತಿಂಗಳಿಗೆ ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿರುವುದಿಲ್ಲ. ಹಿಂದಿನ ವರ್ಷದ ಅವೇ ತಿಂಗಳುಗಳಿಗೆ ಹೋಲಿಸುವುದು ಇದಕ್ಕೆ ಸುಲಭದ ಪರಿಹಾರ.

ಹಾಗೆ ಲೆಕ್ಕ ಹಾಕಿದಾಗ ಸಿಕ್ಕಿದ್ದು ಇದು. 2023ರ ಜುಲೈಯಿಂದ ಡಿಸೆಂಬರ್‌ವರೆಗೆ ಬಂದ 24,000 ಸ್ಯಾಂಪಲ್‌ಗಳಲ್ಲಿ 480 ತಿರಸ್ಕೃತವಾಗಿದ್ದವು, ಅಂದರೆ ನೂರಕ್ಕೆ 2. 2024ರ ಅದೇ ಆರು ತಿಂಗಳಲ್ಲಿ 27,000ದಲ್ಲಿ 243, ಅಂದರೆ ನೂರಕ್ಕೆ 0.9. ಸಂಖ್ಯೆಯನ್ನೂ ಪ್ರಮಾಣವನ್ನೂ ಎರಡನ್ನೂ ಕೊಡುವುದು ಒಳ್ಳೆಯದು. ಬರೀ ಶೇಕಡಾವಾರು ಕೊಟ್ಟರೆ ಹತ್ತು ಸ್ಯಾಂಪಲ್‌ಗಳ ಮೇಲೆ ಕಟ್ಟಿದ ಮಾತಿರಬಹುದೇ ಎಂಬ ಅನುಮಾನ ಬರುತ್ತದೆ. ಬರೀ ಸಂಖ್ಯೆ ಕೊಟ್ಟರೆ ಒಟ್ಟು ಕೆಲಸ ಹೆಚ್ಚಾದದ್ದು ಮರೆಯಾಗುತ್ತದೆ.

ಇಲ್ಲಿ ತಂತ್ರಜ್ಞೆ ಇನ್ನೊಂದು ವಾಕ್ಯ ಸೇರಿಸಲು ಹೊರಟಿದ್ದರು: ‘ಇದರಿಂದ 297 ರೋಗಿಗಳಿಗೆ ಮರುಚುಚ್ಚುವಿಕೆ ತಪ್ಪಿತು.’ ಲೆಕ್ಕದ ಮೂಲ ಸರಿಯಾಗಿಯೇ ಇದೆ. ಹಳೆಯ ಪ್ರಮಾಣವೇ ಮುಂದುವರಿದಿದ್ದರೆ 27,000ಕ್ಕೆ 540 ತಿರಸ್ಕಾರಗಳಾಗುತ್ತಿದ್ದವು, ಆದದ್ದು 243, ವ್ಯತ್ಯಾಸ 297. ಆದರೆ ರಿಜಿಸ್ಟರಿನಲ್ಲಿ ಎಣಿಸುವುದು ಟ್ಯೂಬುಗಳನ್ನು, ರೋಗಿಗಳನ್ನಲ್ಲ. ಒಮ್ಮೆ ಚುಚ್ಚಿ ತುಂಬಿದ ಮೂರು ಟ್ಯೂಬುಗಳೂ ತಿರಸ್ಕೃತವಾದರೆ ಮರುಚುಚ್ಚುವಿಕೆ ಒಂದೇ. ಆದ್ದರಿಂದ ‘ಸುಮಾರು 300 ಸ್ಯಾಂಪಲ್‌ಗಳನ್ನು ಮತ್ತೆ ತೆಗೆಯುವುದು ತಪ್ಪಿದೆ ಎಂದು ಅಂದಾಜಿಸಬಹುದು’ ಎಂಬಷ್ಟಕ್ಕೆ ನಿಲ್ಲಬೇಕು. ಈ ತಿದ್ದುಪಡಿಯಿಂದ ಹೇಳಿಕೆಯ ಬಲ ಕುಗ್ಗುವುದಿಲ್ಲ. ಸಮಿತಿಯಲ್ಲಿ ಒಬ್ಬ ವೈದ್ಯರಿದ್ದರೂ ‘297 ರೋಗಿಗಳು’ ಎಂಬಲ್ಲಿ ಅವರ ಪೆನ್ನು ನಿಲ್ಲುತ್ತದೆ, ಆಮೇಲೆ ಉಳಿದ ಅಂಕಿಗಳನ್ನೂ ಅವರು ಅದೇ ಕಣ್ಣಿನಿಂದ ನೋಡುತ್ತಾರೆ.

ಅಳತೆಗೋಲೇ ನಡುವೆ ಬದಲಾಗಿದೆಯೇ ಎಂಬುದನ್ನೂ ಮರೆಯದೆ ನೋಡಿಕೊಳ್ಳಿ. ಹಿಂದಿನ ವರ್ಷ ಸೀರಂನ ಕೆಂಪನ್ನು ಕಣ್ಣಿನಿಂದ ನೋಡಿ ತಿರಸ್ಕರಿಸುತ್ತಿದ್ದು, ಈ ವರ್ಷ ಯಂತ್ರವೇ ಹೆಮೊಲಿಸಿಸ್ ಮಟ್ಟವನ್ನು ಅಳೆಯುತ್ತಿದ್ದರೆ, ಎರಡು ವರ್ಷಗಳ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಇಡುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ವಿಧಾನ ಬದಲಾಗಿಲ್ಲ. ಅದನ್ನು ಒಂದು ವಾಕ್ಯದಲ್ಲಿ ಹೇಳಿಬಿಡುವುದು ಜಾಣತನ.

ಮೂರನೆಯ ಹೆಜ್ಜೆ: ನನ್ನದೆಷ್ಟು, ಇತರರದೆಷ್ಟು

ಒಂದು ಹಾಳೆಯ ಮೇಲೆ ಆ ವರ್ಷ ನಡೆದದ್ದನ್ನೆಲ್ಲ ತಿಂಗಳ ಕ್ರಮದಲ್ಲಿ ಬರೆದು, ಪ್ರತಿಯೊಂದರ ಮುಂದೆ ಮಾಡಿದವರ ಹುದ್ದೆಯನ್ನು ಬರೆಯಿರಿ. ನಮ್ಮ ತಂತ್ರಜ್ಞೆ ಬರೆದ ಹಾಳೆ ಹೀಗಿತ್ತು. 2024ರ ಜನವರಿ, ಫೆಬ್ರವರಿಯಲ್ಲಿ ಆರು ವಾರ, ಪ್ರತಿ ಹೆಮೊಲಿಸಿಸ್ ಸ್ಯಾಂಪಲ್ ಎಲ್ಲಿಂದ ಬಂತು, ಹೇಗೆ ತೆಗೆದದ್ದು ಎಂದು ವಾರ್ಡಿಗೆ ಫೋನ್ ಮಾಡಿ ಕೇಳಿ ಬರೆದಿಟ್ಟವರು ಅವರೇ. ಆ ಅವಧಿಯ 62ರಲ್ಲಿ 38 ತುರ್ತು ಚಿಕಿತ್ಸಾ ವಿಭಾಗದವು, ಅವುಗಳಲ್ಲಿ 29 ಕ್ಯಾನುಲಾದಿಂದ ಸಿರಿಂಜಿನಲ್ಲಿ ಸೆಳೆದವು ಎಂದು ಗೊತ್ತಾಯಿತು. ಮಾರ್ಚಿನಲ್ಲಿ ಒಂದು ಪುಟದ ಸಚಿತ್ರ ಕಾರ್ಡ್ ಮಾಡಿ, ಪಾಳಿ ಬದಲಾಗುವ ಹೊತ್ತಿಗೆ ಇಪ್ಪತ್ತು ನಿಮಿಷಗಳ ಹನ್ನೊಂದು ಪ್ರಾತ್ಯಕ್ಷಿಕೆ ಕೊಟ್ಟವರೂ ಅವರೇ. ಆದರೆ, ಸಾಧ್ಯವಿರುವಲ್ಲೆಲ್ಲ ಬೇರೆ ಕಡೆ ಚುಚ್ಚಿಯೇ ರಕ್ತ ತೆಗೆಯಬೇಕು ಎಂಬ ನಿಯಮ ಮಾಡಿದವರು ತುರ್ತು ವಿಭಾಗದ ನರ್ಸಿಂಗ್ ಮುಖ್ಯಸ್ಥೆ. ಮೇ ತಿಂಗಳಲ್ಲಿ ವಾರ್ಡುಗಳಿಗೆ, ನವೆಂಬರಿನಲ್ಲಿ ತುರ್ತು ವಿಭಾಗಕ್ಕೆ, ಸಿರಿಂಜಿನ ಬದಲು ನಿರ್ವಾತ ಟ್ಯೂಬುಗಳ ವ್ಯವಸ್ಥೆ ತರಿಸಿದ್ದು ಆಸ್ಪತ್ರೆಯ ಖರೀದಿ ಸಮಿತಿ.

ಈ ಕೊನೆಯ ಸಾಲೇ ತೊಡಕಿನದು. ನಿರ್ವಾತ ಟ್ಯೂಬು ತನ್ನಷ್ಟಕ್ಕೆ ರಕ್ತ ಸೆಳೆದುಕೊಳ್ಳುವುದರಿಂದ, ಸಿರಿಂಜಿನಿಂದ ಒತ್ತಿ ತುಂಬುವ ಪ್ರಮೇಯವೇ ಇರುವುದಿಲ್ಲ. ಹಾಗಾಗಿ ಹೆಮೊಲಿಸಿಸ್ ಇಳಿದದ್ದರಲ್ಲಿ ಅದರ ಪಾಲೂ ಇರಲೇಬೇಕು. ‘ಇದನ್ನು ಬರೆದರೆ ನನ್ನ ಕೆಲಸ ಏನೂ ಉಳಿಯುವುದಿಲ್ಲವಲ್ಲ, ಮೇಡಂ’ ಎಂದು ತಂತ್ರಜ್ಞೆ ಹಿಂಜರಿಯುವುದು ಸಹಜ. ಬರೆಯದಿದ್ದರೆ ಆಗುವುದು ಇನ್ನೂ ಕೆಟ್ಟದ್ದು, ಏಕೆಂದರೆ ಖರೀದಿ ಸಮಿತಿಯಲ್ಲಿದ್ದ ಆಡಳಿತಾಧಿಕಾರಿಯೇ ಪ್ರಶಸ್ತಿ ಸಮಿತಿಯಲ್ಲೂ ಇರಬಹುದು. ಹಾಗೆಂದು ಬರೆದು ಸುಮ್ಮನಾಗಬೇಕಾಗಿಯೂ ಇಲ್ಲ. ಎರಡು ಕಾರಣಗಳು ಬೆರೆತಿರುವಾಗ, ಒಂದು ಮಾತ್ರ ಇದ್ದ ಜಾಗವನ್ನೂ ಕಾಲವನ್ನೂ ಹುಡುಕಿ. ತುರ್ತು ವಿಭಾಗಕ್ಕೆ ಹೊಸ ವ್ಯವಸ್ಥೆ ಬಂದದ್ದು ನವೆಂಬರಿನಲ್ಲಿ. ಅದಕ್ಕೂ ಮುಂಚಿನ ಜುಲೈಯಿಂದ ಅಕ್ಟೋಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಅಲ್ಲಿದ್ದದ್ದು ಪ್ರಾತ್ಯಕ್ಷಿಕೆಯೂ ನರ್ಸಿಂಗ್ ಮುಖ್ಯಸ್ಥೆಯ ನಿಯಮವೂ ಮಾತ್ರ. ಆ ನಾಲ್ಕು ತಿಂಗಳನ್ನು ಬೇರೆಯಾಗಿ ಎಣಿಸಿದಾಗ, 2023ರಲ್ಲಿ 5,000 ಸ್ಯಾಂಪಲ್‌ಗಳಿಗೆ 100 ಇದ್ದ ಹೆಮೊಲಿಸಿಸ್, 2024ರಲ್ಲಿ 5,400ಕ್ಕೆ 43ಕ್ಕೆ ಇಳಿದಿತ್ತು. ಒಟ್ಟು ಅಂಕಿಗಿಂತ ಚಿಕ್ಕದಾದ ಈ ಅಂಕಿಯೇ ಹೇಳಿಕೆಯ ಬೆನ್ನೆಲುಬು.

ಹೆಚ್ಚು ಇಳಿಯದೆ ಉಳಿದದ್ದನ್ನೂ ಒಂದು ವಾಕ್ಯದಲ್ಲಿ ಹೇಳಿ. ರಕ್ತದ ಪ್ರಮಾಣ ಸಾಲದೆ ತಿರಸ್ಕೃತವಾದ ಸ್ಯಾಂಪಲ್‌ಗಳು 70ರಿಂದ 61ಕ್ಕೆ ಇಳಿದಿದ್ದವು, ಅಷ್ಟೆ. ಇದು ದೈನ್ಯಕ್ಕಾಗಿ ಸೇರಿಸುವ ಮಾತಲ್ಲ. ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ ಎಂದು ಬೇರ್ಪಡಿಸಬಲ್ಲವರಿಗೆ ತಮ್ಮ ಕೆಲಸ ಎಲ್ಲಿ ತಾಗಿತು ಎಂಬುದು ಗೊತ್ತಿದೆ ಎಂದು ಓದುವವರು ತಿಳಿಯುತ್ತಾರೆ. ಒಂದಕ್ಕಿಂತ ಹೆಚ್ಚು ಇಂಥ ವಾಕ್ಯ ಬೇಡ, ಬರೆಯುತ್ತಿರುವುದು ತಪ್ಪೊಪ್ಪಿಗೆಯಲ್ಲ.

ನಾಲ್ಕನೆಯ ಹೆಜ್ಜೆ: ಕ್ರಿಯಾಪದದಲ್ಲಿ ಅಡಗಿರುವ ‘ನಾನು’

ಬೆಂಗಳೂರಿನ ಅನೇಕ ಸಂಸ್ಥೆಗಳಲ್ಲಿ ಅರ್ಜಿ ನಮೂನೆ ಇಂಗ್ಲಿಷಿನಲ್ಲಿರುತ್ತದೆ. ಆದರೂ ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ ಎಂದು ನಾನು ಹೇಳುತ್ತೇನೆ. ಕನ್ನಡದ ಕ್ರಿಯಾಪದ ಕರ್ತೃವನ್ನು ತನ್ನ ಕೊನೆಯಲ್ಲಿ ಹೊತ್ತಿರುವುದರಿಂದ, ಯಾರು ಮಾಡಿದರು ಎಂಬುದನ್ನು ಹೆಚ್ಚಿನ ವಾಕ್ಯಗಳಲ್ಲಿ ನಿರ್ಧರಿಸಲೇಬೇಕಾಗುತ್ತದೆ. ‘ನಾನು ನಾನು’ ಎಂದು ಪದೇ ಪದೇ ಬರೆಯುವ ಮುಜುಗರವೂ ಇದರಿಂದ ತಪ್ಪುತ್ತದೆ. ‘ಆರು ವಾರ ದಾಖಲೆ ಇಟ್ಟೆ, ಕಾರ್ಡ್ ಬರೆದೆ, ಪ್ರಾತ್ಯಕ್ಷಿಕೆ ಕೊಟ್ಟೆ’ ಎಂದರೆ ಸರ್ವನಾಮವಿಲ್ಲದೆಯೇ ಕರ್ತೃ ಯಾರೆಂದು ಸ್ಪಷ್ಟ.

ಒಂದು ಎಚ್ಚರಿಕೆ ಬೇಕು. ‘ಕಾರ್ಡ್ ಸಿದ್ಧಪಡಿಸಿದೆ’ ಎಂಬ ವಾಕ್ಯಕ್ಕೆ ‘ನಾನು ಸಿದ್ಧಪಡಿಸಿದೆ’ ಎಂಬ ಅರ್ಥವೂ ಆಗುತ್ತದೆ, ‘ವಿಭಾಗವು ಸಿದ್ಧಪಡಿಸಿದೆ’ ಎಂಬ ಅರ್ಥವೂ ಆಗುತ್ತದೆ. ‘ಮಾಡಿದೆ, ತಯಾರಿಸಿದೆ, ಪರಿಶೀಲಿಸಿದೆ’ ಇವೆಲ್ಲಕ್ಕೂ ಈ ತೊಡಕಿದೆ. ಆದ್ದರಿಂದ ಪ್ರತಿ ಪ್ಯಾರಾದ ಮೊದಲ ವಾಕ್ಯದಲ್ಲಿ ಒಮ್ಮೆ ‘ನಾನು’ ಎಂದು ಇಟ್ಟು, ಮುಂದಿನ ವಾಕ್ಯಗಳಲ್ಲಿ ಬಿಡಿ.

‘ಮಾಡಲಾಯಿತು, ನೀಡಲಾಗಿದೆ, ಕೈಗೊಳ್ಳಲಾಯಿತು’ ಎಂಬ ಕಚೇರಿ ಭಾಷೆ ವಿನಯದಂತೆ ಕಂಡರೂ ಕರ್ತೃವನ್ನೇ ನುಂಗುತ್ತದೆ. ಕರಡು ಮುಗಿದ ಮೇಲೆ ‘ಲಾಯಿತು’, ‘ಲಾಗಿದೆ’ ಎಂದು ಮುಗಿಯುವ ಪದಗಳಿಗೆಲ್ಲ ಗೆರೆ ಎಳೆದು, ಪ್ರತಿಯೊಂದರ ಪಕ್ಕದಲ್ಲಿ ‘ಯಾರಿಂದ?’ ಎಂದು ಬರೆಯಿರಿ. ಉತ್ತರ ನೀವಾದರೆ ‘ಮಾಡಿದೆ’ ಎನ್ನಿ. ಬೇರೆಯವರಾದರೆ ಅವರ ಹುದ್ದೆಯನ್ನು ಕರ್ತೃವಾಗಿ ಇಡಿ. ‘ನಾವು’ ಎಂಬುದನ್ನೂ ಹೀಗೆಯೇ ವಿಚಾರಿಸಬೇಕು. ‘ನಾನು ಮತ್ತು ಇಬ್ಬರು ಕಿರಿಯ ತಂತ್ರಜ್ಞರು’ ಎಂದು ಬಿಡಿಸಲಾಗದ ‘ನಾವು’ ಹೇಳಿಕೆಯಲ್ಲಿ ಇರಕೂಡದು.

ಕ್ರಿಯಾಪದದ ತೂಕವೂ ನಿಮ್ಮ ಅಧಿಕಾರಕ್ಕೆ ಸರಿಹೊಂದಬೇಕು. ಪ್ರಯೋಗಾಲಯದ ತಂತ್ರಜ್ಞೆ ನರ್ಸಿಂಗ್ ವಿಭಾಗದಲ್ಲಿ ಒಂದು ನಿಯಮವನ್ನು ‘ಜಾರಿಗೆ ತರಲು’ ಸಾಧ್ಯವಿಲ್ಲ. ‘ಸೂಚಿಸಿದೆ’ ಎಂಬುದು ಸರಿಯಾದ ಪದ, ಮತ್ತು ಆ ಸೂಚನೆಗೆ ಆಧಾರವಾಗಿ 62 ಸ್ಯಾಂಪಲ್‌ಗಳ ಪಟ್ಟಿ ಇದ್ದದ್ದರಿಂದ ಅದು ಚಿಕ್ಕ ಪದವೇನೂ ಅಲ್ಲ.

ಇನ್ನು ವಿಶೇಷಣಗಳು. ‘ಗಣನೀಯ, ಅಭೂತಪೂರ್ವ, ಕ್ರಾಂತಿಕಾರಿ’ ಎಂಬವುಗಳನ್ನು ತೆಗೆದುಹಾಕಬೇಕೆಂದು ಎಲ್ಲರಿಗೂ ಗೊತ್ತು. ‘ನನ್ನ ಅಳಿಲು ಸೇವೆ, ಕೈಲಾದ ಮಟ್ಟಿಗೆ, ಕಿಂಚಿತ್ ಪ್ರಯತ್ನ’ ಎಂಬವೂ ಅಷ್ಟೇ ತೆಗೆದುಹಾಕಬೇಕಾದವು. ಆರು ವಾರಗಳ ದಾಖಲೆಯನ್ನು ಅಳಿಲು ಸೇವೆ ಎಂದರೆ ಓದುವವರು ‘ಇಲ್ಲ ಇಲ್ಲ, ದೊಡ್ಡದೇ’ ಎಂದು ಸಮಾಧಾನ ಹೇಳಬೇಕೆಂದು ನಿರೀಕ್ಷಿಸಿದಂತಾಗುತ್ತದೆ. ಸಮಿತಿಗೆ ಆ ವ್ಯವಧಾನವಿಲ್ಲ.

ಐದನೆಯ ಹೆಜ್ಜೆ: ಜೋಡಿಸಿ ಬರೆಯುವುದು

ಕ್ರಮ ಸರಳವಾದದ್ದು: ನಾನು ಯಾರು, ತೊಂದರೆ ಏನಿತ್ತು, ನಾನು ಮಾಡಿದ್ದು, ಇತರರು ಮಾಡಿದ್ದು, ಆದ ಬದಲಾವಣೆ, ಉಳಿದದ್ದು, ದೃಢೀಕರಿಸಬಲ್ಲವರು. ಮೇಲಿನ ವಿವರಗಳೆಲ್ಲ ಸೇರಿ ಹೇಳಿಕೆ ಹೀಗಾಗುತ್ತದೆ.

> ನಾನು ಪ್ರಯೋಗಾಲಯದ ಸ್ಯಾಂಪಲ್ ಸ್ವೀಕಾರ ವಿಭಾಗದಲ್ಲಿ ಹಿರಿಯ ತಂತ್ರಜ್ಞೆ. 2023ರ ಜುಲೈ–ಡಿಸೆಂಬರ್ ಅವಧಿಯಲ್ಲಿ ವಾರ್ಡುಗಳು ಮತ್ತು ತುರ್ತು ಚಿಕಿತ್ಸಾ ವಿಭಾಗದಿಂದ ಬಂದ 24,000 ರಕ್ತದ ಸ್ಯಾಂಪಲ್‌ಗಳಲ್ಲಿ 480 ತಿರಸ್ಕೃತವಾಗಿದ್ದವು. ಅರ್ಧಕ್ಕಿಂತ ಹೆಚ್ಚಿನವಕ್ಕೆ, ಅಂದರೆ 260ಕ್ಕೆ, ರಕ್ತಕಣಗಳು ಒಡೆದದ್ದು ಕಾರಣ. ಇಂಥ ಸಂದರ್ಭದಲ್ಲಿ ರೋಗಿಗೆ ಮತ್ತೆ ಚುಚ್ಚಬೇಕಾಗುತ್ತದೆ, ವರದಿಯೂ ತಡವಾಗುತ್ತದೆ.
>
> ನಾನು 2024ರ ಜನವರಿ–ಫೆಬ್ರವರಿಯಲ್ಲಿ ಆರು ವಾರ, ಹೀಗೆ ಕೆಟ್ಟ ಪ್ರತಿ ಸ್ಯಾಂಪಲ್ ಎಲ್ಲಿ, ಯಾವ ವಿಧಾನದಿಂದ ತೆಗೆದದ್ದು ಎಂದು ದಾಖಲಿಸಿದೆ. 62ರಲ್ಲಿ 38 ತುರ್ತು ವಿಭಾಗದವೆಂದೂ, ಅವುಗಳಲ್ಲಿ 29 ಕ್ಯಾನುಲಾದಿಂದ ತೆಗೆದವೆಂದೂ ತಿಳಿಯಿತು. ಇದರ ಆಧಾರದ ಮೇಲೆ ಒಂದು ಪುಟದ ಸಚಿತ್ರ ಕಾರ್ಡ್ ಬರೆದು, ಪಾಳಿ ಬದಲಾವಣೆಯ ವೇಳೆ ಹನ್ನೊಂದು ಪ್ರಾತ್ಯಕ್ಷಿಕೆಗಳನ್ನು ಕೊಟ್ಟೆ. ಸಾಧ್ಯವಿರುವಲ್ಲಿ ಬೇರೆ ಕಡೆ ಚುಚ್ಚಿ ರಕ್ತ ತೆಗೆಯುವಂತೆ ಸೂಚಿಸಿದೆ. ಇದಕ್ಕೆ ತುರ್ತು ವಿಭಾಗದ ನರ್ಸಿಂಗ್ ಮುಖ್ಯಸ್ಥೆ ಸಹಕರಿಸಿದರು. ಖರೀದಿ ಸಮಿತಿಯು ಮೇ ತಿಂಗಳಲ್ಲಿ ವಾರ್ಡುಗಳಿಗೂ ನವೆಂಬರಿನಲ್ಲಿ ತುರ್ತು ವಿಭಾಗಕ್ಕೂ ನಿರ್ವಾತ ಟ್ಯೂಬುಗಳನ್ನು ಒದಗಿಸಿತು.
>
> 2024ರ ಜುಲೈ–ಡಿಸೆಂಬರಿನಲ್ಲಿ 27,000 ಸ್ಯಾಂಪಲ್‌ಗಳಿಗೆ 243 ತಿರಸ್ಕೃತವಾದವು. ಪ್ರಮಾಣ ಶೇ 2ರಿಂದ ಶೇ 0.9ಕ್ಕೆ ಇಳಿದಿದೆ. ಇದರಲ್ಲಿ ನಿರ್ವಾತ ಟ್ಯೂಬುಗಳ ಪಾಲೂ ಇದೆ. ಅವು ಇನ್ನೂ ಬಂದಿರದ ಜುಲೈ–ಅಕ್ಟೋಬರಿನಲ್ಲಿ ತುರ್ತು ವಿಭಾಗವೊಂದರಲ್ಲೇ, ರಕ್ತಕಣ ಒಡೆದ ಸ್ಯಾಂಪಲ್‌ಗಳು ಹಿಂದಿನ ವರ್ಷದ 5,000ಕ್ಕೆ 100ರಿಂದ 5,400ಕ್ಕೆ 43ಕ್ಕೆ ಇಳಿದಿದ್ದವು. ತಿರಸ್ಕಾರದ ಮಾನದಂಡ ಎರಡೂ ವರ್ಷ ಒಂದೇ. ರಕ್ತದ ಪ್ರಮಾಣ ಸಾಲದ ಸ್ಯಾಂಪಲ್‌ಗಳಲ್ಲಿ ಹೆಚ್ಚಿನ ಬದಲಾವಣೆ ಆಗಿಲ್ಲ. ಈ ಅಂಕಿಗಳು ತಿರಸ್ಕೃತ ಸ್ಯಾಂಪಲ್ ರಿಜಿಸ್ಟರಿನಲ್ಲಿವೆ. ಪ್ರಯೋಗಾಲಯದ ಮುಖ್ಯಸ್ಥರು ದೃಢೀಕರಿಸಬಲ್ಲರು.

‘ಸುಮಾರು 300 ಸ್ಯಾಂಪಲ್‌ಗಳು’ ಎಂಬ ಅಂದಾಜು ಇದರಲ್ಲಿಲ್ಲ ಎಂಬುದನ್ನು ಗಮನಿಸಿ. ಎರಡು ಬಲವಾದ ಅಂಕಿಗಳ ಪಕ್ಕದಲ್ಲಿ ಒಂದು ಅಂದಾಜನ್ನು ಇಟ್ಟರೆ ಕಣ್ಣು ಅಂದಾಜಿನ ಕಡೆಗೇ ಹೋಗುತ್ತದೆ. ಸಂದರ್ಶನವಿದ್ದರೆ, ಕೇಳಿದಾಗ ಹೇಳಲು ಅದನ್ನು ಕೈಯಲ್ಲಿ ಇಟ್ಟುಕೊಳ್ಳಬಹುದು. ರೋಗಿಯ ಹೆಸರು, ಆಸ್ಪತ್ರೆಯ ಸಂಖ್ಯೆ, ವರದಿಯ ಫೋಟೊ ಇಂಥವು ಹೇಳಿಕೆಯಲ್ಲಾಗಲಿ ಲಗತ್ತಿನಲ್ಲಾಗಲಿ ಇರಬಾರದು. ತಪ್ಪಾಗಿ ರಕ್ತ ತೆಗೆದ ನರ್ಸ್ ಯಾರೆಂದು ಊಹಿಸಬಹುದಾದ ವಿವರವೂ ಬೇಡ.

ಸಲ್ಲಿಸುವ ಮುನ್ನ

ಮಿತಿ ಪದಗಳಲ್ಲಿದೆಯೋ ಅಕ್ಷರಗಳಲ್ಲಿದೆಯೋ ನೋಡಿ. ಪದಗಳಲ್ಲಿದ್ದರೆ ಕನ್ನಡಕ್ಕೆ ಅನುಕೂಲ, ಇಂಗ್ಲಿಷಿನ ಮೂರು ನಾಲ್ಕು ಪದಗಳ ಮಾತು ನಮ್ಮಲ್ಲಿ ಒಂದೇ ಪದವಾಗುವುದುಂಟು. ಅಕ್ಷರಗಳಲ್ಲಿದ್ದರೆ ಎಚ್ಚರ ಬೇಕು, ಏಕೆಂದರೆ ಯುನಿಕೋಡ್ ಪಠ್ಯದಲ್ಲಿ ಕಂಪ್ಯೂಟರು ಎಣಿಸುವ ಬಗೆ ಬೇರೆ: ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಎಂಬುದು ಮೂರು ವ್ಯಂಜನ, ಎರಡು ಹಲಂತ ಚಿಹ್ನೆ, ಒಂದು ಸ್ವರಚಿಹ್ನೆ ಸೇರಿ ಆರಾಗಬಹುದು. ಹಳೆಯ ನುಡಿ ಫಾಂಟಿನಲ್ಲಿ ಬರೆದ ಪಠ್ಯವನ್ನು ಆನ್‌ಲೈನ್ ನಮೂನೆಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಕೊನೆಯ ಓದು ನಿಮ್ಮದಾಗಿರದಿರಲಿ. ಎರಡು ಜನರಿಗೆ ತೋರಿಸಿ. ಒಬ್ಬರು ನಿಮ್ಮ ವಿಭಾಗದ ಕೆಲಸ ತಿಳಿಯದವರು. ಓದಿದ ಮೇಲೆ ಹಾಳೆ ಮಡಚಿಟ್ಟು, ‘ಇವರು ಏನು ಮಾಡಿದರು?’ ಎಂದು ಅವರಿಂದಲೇ ಹೇಳಿಸಿ. ‘ಸ್ಯಾಂಪಲ್ ಏಕೆ ಕೆಡುತ್ತಿದೆ ಎಂದು ಹುಡುಕಿ, ಸರಿಯಾಗಿ ತೆಗೆಯಲು ಕಲಿಸಿದರು’ ಎಂಬ ಉತ್ತರ ಬಂದರೆ ಸರಿ. ‘ಚೆನ್ನಾಗಿ ಕೆಲಸ ಮಾಡಿದ್ದಾರೆ’ ಎಂಬ ಉತ್ತರ ಬಂದರೆ ಎರಡನೆಯ ಪ್ಯಾರಾವನ್ನು ಮತ್ತೆ ಬರೆಯಬೇಕು. ಇನ್ನೊಬ್ಬರು, ಹೇಳಿಕೆಯಲ್ಲಿ ನೀವು ಉಲ್ಲೇಖಿಸಿದ ಸಹೋದ್ಯೋಗಿ. ನಮ್ಮ ತಂತ್ರಜ್ಞೆ ಇದಕ್ಕೆ ಹಿಂಜರಿದರೂ, ಕೊನೆಗೆ ಹಾಳೆಯನ್ನು ತುರ್ತು ವಿಭಾಗದ ನರ್ಸಿಂಗ್ ಮುಖ್ಯಸ್ಥೆಯ ಕೈಗೆ ಕೊಟ್ಟರು. ಅವರು ಪೂರ್ತಿ ಓದಿ, ಅಂಕಿಗಳ ಬಗ್ಗೆ ಏನೂ ಹೇಳದೆ, ಒಂದೇ ಒಂದು ಪದದ ಕೆಳಗೆ ಗೆರೆ ಎಳೆದರು. ‘ಸಹಕರಿಸಿದರು ಅಂತ ಬರೆದಿದ್ದೀರಲ್ಲ, ಸಿಸ್ಟರ್‌ಗಳನ್ನೆಲ್ಲ ಒಪ್ಪಿಸೋಕೆ ನನಗೆ ಎರಡು ತಿಂಗಳು ಹಿಡೀತು’ ಎಂದರು. ವಾಕ್ಯ ಹೀಗೆ ಬದಲಾಯಿತು: ‘ಈ ಸೂಚನೆಯನ್ನು ತುರ್ತು ವಿಭಾಗದ ನರ್ಸಿಂಗ್ ಮುಖ್ಯಸ್ಥೆ ನಿಯಮವಾಗಿ ಜಾರಿಗೆ ತಂದರು.’